ಕಬ್ಬಿನ ಬಿಲ್ ನೀವೇ ಲೆಕ್ಕ ಹಾಕಿ: ತೂಕದ ಚೀಟಿಯಿಂದ ಬ್ಯಾಂಕ್ ಖಾತೆವರೆಗೆ

ಕಬ್ಬು ಕಳಿಸಿದ ಮೇಲೆ ಒಂದು ದಿನ ಮೊಬೈಲಿಗೆ ಮೆಸೇಜ್ ಬರುತ್ತದೆ, ಇಷ್ಟು ದುಡ್ಡು ಜಮಾ ಅಂತ. ಆಗ ಬಹಳ ಜನ ಮಾಡುವುದು ಒಂದೇ ಲೆಕ್ಕ. ಕಾರ್ಖಾನೆ ಹೇಳಿದ ದರವನ್ನು ಟನ್ನಿಗೆ ಗುಣಿಸುತ್ತಾರೆ, ಮೊತ್ತ ಸರಿ ಬಂದರೆ ಸುಮ್ಮನಾಗುತ್ತಾರೆ. ಕಾರ್ಖಾನೆ ಹೇಳಿದ ಆ ದರ ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ಟನ್ನಿಗೆ ನೂರಿನ್ನೂರು ರೂಪಾಯಿ ಹೆಚ್ಚುಕಡಿಮೆ ಆಗುವುದು ಆ ದರದೊಳಗೇ. ಗುಣಾಕಾರದಲ್ಲಿ ಕಾರ್ಖಾನೆಯ ಕಂಪ್ಯೂಟರ್ ತಪ್ಪುವುದು ಅಪರೂಪ.

ಈ ಬರಹದಲ್ಲಿ ಒಂದೇ ಹೊಲದ ಬಿಲ್ಲನ್ನು ಮೊದಲಿಂದ ಕೊನೆವರೆಗೆ ಲೆಕ್ಕ ಹಾಕೋಣ. ಹಂಗಾಮು 2025-26. ಬೆಳಗಾವಿ ಕಡೆಯ ಎರಡು ಎಕರೆ ಕುಳೆ ಕಬ್ಬು ಅಂದುಕೊಳ್ಳಿ. ಕೇಂದ್ರದ ದರ ಮತ್ತು ನಿಯಮಗಳು ನಿಜವಾದವು. ತೂಕ, ರಿಕವರಿ ಅಂದರೆ ಕಬ್ಬಿನ ತೂಕದಲ್ಲಿ ಸಕ್ಕರೆಯಾಗಿ ಬರುವ ಶೇಕಡಾ ಪಾಲು, ಕಟಾವು-ಸಾಗಣೆ ಖರ್ಚು ಮಾತ್ರ ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿದರೆ ನಿಮ್ಮ ಬಿಲ್ ಬರುತ್ತದೆ.

ಮೊದಲು ತೂಕದ ಚೀಟಿ

ಪ್ರತಿ ಟ್ರಿಪ್ಪಿಗೂ ಕಾರ್ಖಾನೆ ಒಂದು ಚೀಟಿ ಕೊಡಬೇಕು. ಅದರಲ್ಲಿ ಮೂರು ತೂಕ ಇರುತ್ತವೆ: ಲೋಡ್ ಸಮೇತ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಬಂದ ನಿವ್ವಳ ತೂಕ. ನಮ್ಮ ಉದಾಹರಣೆಯ ಮೊದಲ ಟ್ರಿಪ್ ಒಂದು ಟ್ರ್ಯಾಕ್ಟರ್, ಎರಡು ಟ್ರೈಲರ್. ಲೋಡ್ ಸಮೇತ 30.120 ಟನ್, ಖಾಲಿ 8.660 ಟನ್. ನಿವ್ವಳ 21.460 ಟನ್.

ಈ ಚೀಟಿಯಲ್ಲಿ ಎಲ್ಲರ ಕಣ್ಣೂ ಹೋಗುವುದು ನಿವ್ವಳ ತೂಕದ ಮೇಲೆ. ನೀವು ನೋಡಬೇಕಾದ್ದು ಖಾಲಿ ತೂಕ, ಮತ್ತು ಅದನ್ನು ತೂಗಿದ ಸಮಯ. ಗಾಡಿ ಕಬ್ಬು ಇಳಿಸಿ ವಾಪಸ್ ಕಾಟಾ ಹತ್ತಿದಾಗ ತೂಗಿದ್ದರೆ ಎರಡು ತೂಕದ ನಡುವೆ ಅಷ್ಟು ಹೊತ್ತಿನ ವ್ಯತ್ಯಾಸ ಇರುತ್ತದೆ. ಎರಡಕ್ಕೂ ಒಂದೇ ಸಮಯ ಇದ್ದರೆ ಖಾಲಿ ತೂಕವನ್ನು ಹಳೆಯ ದಾಖಲೆಯಿಂದ ಎತ್ತಿ ಹಾಕಿರುವ ಸಾಧ್ಯತೆ ಇದೆ. ಮಳೆ ಬಂದ ವಾರದಲ್ಲಿ ಟ್ರೈಲರ್‌ಗೆ ಮೆತ್ತಿದ್ದ ಮಣ್ಣಿನ ಸಮೇತ ತೂಗಿದ ಖಾಲಿ ತೂಕ ಮುಂದಿನ ಟ್ರಿಪ್ಪುಗಳಿಗೂ ಹಾಗೇ ಮುಂದುವರಿದರೆ, ಪ್ರತಿ ಸಲವೂ ಆ ಮಣ್ಣಿನ ತೂಕದಷ್ಟು ಕಬ್ಬು ನಿಮ್ಮ ಲೆಕ್ಕದಿಂದ ಹೋಗುತ್ತದೆ. ಅದೇ ಗಾಡಿ ಮೂರ್ನಾಲ್ಕು ಟ್ರಿಪ್ ಹೊಡೆದಿದ್ದರೆ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡೀಸೆಲ್ ಕಡಿಮೆಯಾಗಿದ್ದು, ಮಣ್ಣು ಅಂಟಿದ್ದು, ಡ್ರೈವರ್ ಕೂತಿದ್ದು ಇಳಿದಿದ್ದು ಇವುಗಳಿಂದ ಖಾಲಿ ತೂಕ ಸ್ವಲ್ಪ ಮೇಲೆ ಕೆಳಗೆ ಆಗಲೇಬೇಕು. ನಾಲ್ಕರಲ್ಲೂ ಕಿಲೋ ಬಿಡದೆ ಒಂದೇ ಅಂಕಿ ಇದ್ದರೆ ಕೇಳಿ.

ಅನುಮಾನ ಇದ್ದರೆ ಒಂದು ಲೋಡನ್ನು ಹೊರಗಿನ ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಒಳಗೆ ಕಳಿಸಿ. ಲೋಡ್ ತೂಕ ಮಾತ್ರ ಸಾಲದು, ಬರುವಾಗ ಖಾಲಿ ತೂಕವನ್ನೂ ಅಲ್ಲೇ ತೂಗಿಸಿ. ಎರಡು ಕಾಟಾಗಳ ನಡುವೆ ಹತ್ತಿಪ್ಪತ್ತು ಕಿಲೋ ವ್ಯತ್ಯಾಸ ಸಹಜ, ಅದಕ್ಕೆ ಜಗಳ ಬೇಡ. ನೂರಾರು ಕಿಲೋ ವ್ಯತ್ಯಾಸ ಬಂದರೆ ಎರಡೂ ಚೀಟಿ ಇಟ್ಟುಕೊಂಡು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಬಹುದು. ವೇ ಬ್ರಿಡ್ಜನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುವುದು ಆ ಇಲಾಖೆಯ ಕೆಲಸ.

ನಮ್ಮ ಹೊಲದಿಂದ ನಾಲ್ಕು ಟ್ರಿಪ್ ಹೋಗಿದೆ. 21.460, 22.315, 20.890, 19.785. ಒಟ್ಟು 84.450 ಟನ್. ಈ ಒಟ್ಟು ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಬರುವ ಟನ್ ಇದಕ್ಕೆ ತಾಳೆಯಾಗಬೇಕು.

ತಾಳೆಯಾಗದಿದ್ದರೆ ಮೊದಲು ನೋಡಬೇಕಾದ್ದು ಕಸ ಕಡಿತ. ಯಂತ್ರದಿಂದ ಕಟಾವು ಮಾಡಿದ ಕಬ್ಬಿನಲ್ಲಿ ರವದಿ, ಸೋಗೆಯ ತುಂಡು ಜಾಸ್ತಿ ಬರುತ್ತದೆ ಅಂತ ತೂಕದಲ್ಲಿ ಇಂತಿಷ್ಟು ಶೇಕಡಾ ಮುರಿಯುತ್ತಾರೆ. ಸ್ವಲ್ಪ ಮುರಿಯುವುದರಲ್ಲಿ ನ್ಯಾಯ ಇದೆ, ಕಸಕ್ಕೆ ಯಾರೂ ಕಬ್ಬಿನ ರೇಟು ಕೊಡುವುದಿಲ್ಲ. ಆದರೆ ಶೇಕಡಾ ಎಷ್ಟು ಅನ್ನುವುದು ಕಟಾವಿಗೆ ಮೊದಲೇ ಗೊತ್ತಿರಬೇಕು. ಶೇ. 5 ಮುರಿದರೆ ನಮ್ಮ 84.450 ಟನ್ನಿನಲ್ಲಿ ನಾಲ್ಕು ಟನ್ನಿಗೂ ಹೆಚ್ಚು ಹೋಗುತ್ತದೆ. ಇನ್ನೊಂದು ಮಾತು: ಹೀಗೆ ಮುರಿದ ಮೇಲೆ ಕಟಾವು-ಸಾಗಣೆ ಖರ್ಚನ್ನು ಯಾವ ತೂಕದ ಮೇಲೆ ಹಿಡಿದಿದ್ದಾರೆ ಅಂತಲೂ ನೋಡಿ. ಬೆಲೆ ಕೊಡುವಾಗ ಮುರಿದ ತೂಕ, ಖರ್ಚು ಹಿಡಿಯುವಾಗ ಪೂರ್ತಿ ತೂಕ ಹಿಡಿದಿದ್ದರೆ ನಿಮಗೆ ಎರಡು ಕಡೆ ಏಟು. ನಮ್ಮ ಉದಾಹರಣೆಯದು ಕೈ ಕಟಾವು, ಕಡಿತ ಇಲ್ಲ.

ಎಫ್‌ಆರ್‌ಪಿ ಅಂದರೆ ಒಂದು ಕಿಲೋ ಸಕ್ಕರೆಗೆ ಇಷ್ಟು

ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಎಫ್‌ಆರ್‌ಪಿ ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಘೋಷಿಸುತ್ತದೆ. 2025-26ಕ್ಕೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಈ ಬೆಲೆ ಶೇ. 10.25 ರಿಕವರಿಗೆ. ರಿಕವರಿ 0.1 ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಹೆಚ್ಚು, 0.1 ಇಳಿದರೆ ಅಷ್ಟೇ ಕಡಿಮೆ. ಟನ್ನಿನ ಲೆಕ್ಕದಲ್ಲಿ 34.60. ರಿಕವರಿ ಶೇ. 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಟನ್ನಿಗೆ 3,290.50ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ.

ಅಂಕಿಗಳು ತಲೆಗೆ ಹತ್ತದಿದ್ದರೆ ಹೀಗೆ ಯೋಚಿಸಿ. ರಿಕವರಿ ಶೇ. 10.25 ಅಂದರೆ ಒಂದು ಟನ್ ಕಬ್ಬಿನಿಂದ 102.5 ಕಿಲೋ ಸಕ್ಕರೆ. 3,550 ರೂಪಾಯಿಯನ್ನು 102.5ರಿಂದ ಭಾಗಿಸಿದರೆ ಸುಮಾರು 34.60. ಹಾಗೆಯೇ 0.1 ರಿಕವರಿ ಅಂದರೆ ಟನ್ನಿಗೆ ಒಂದು ಕಿಲೋ ಸಕ್ಕರೆ. ಅಂದರೆ ಸರ್ಕಾರ ಹೇಳುತ್ತಿರುವುದು ಇಷ್ಟೇ: ನಿಮ್ಮ ಕಬ್ಬಿನಲ್ಲಿ ಬಂದ ಪ್ರತಿ ಕಿಲೋ ಸಕ್ಕರೆಗೆ ಹತ್ತಿರ ಹತ್ತಿರ 34 ರೂಪಾಯಿ 60 ಪೈಸೆ. ರಿಕವರಿ ಯಾಕೆ ಇಷ್ಟು ಜಗಳದ ವಿಷಯ ಅಂತ ಇದರಿಂದ ಗೊತ್ತಾಗುತ್ತದೆ. ರಿಕವರಿಯಲ್ಲಿ ಒಂದು ಕಿಲೋ ಆಚೀಚೆಯಾದರೂ ನಮ್ಮ 84.450 ಟನ್ನಿಗೆ 2,922 ರೂಪಾಯಿ ಆಚೀಚೆ.

ಇದನ್ನು ಕಾರ್ಖಾನೆಯವರೂ ತಮ್ಮ ಮಾತಿಗೆ ಬಳಸುತ್ತಾರೆ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿದ್ದು, ಆಮೇಲೆ ಎಫ್‌ಆರ್‌ಪಿ ಏರುತ್ತಾ ಹೋದರೂ ಅದು ವರ್ಷಗಟ್ಟಲೆ ಅಲ್ಲೇ ನಿಂತಿತು ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ 31 ಕನಿಷ್ಠ ಬೆಲೆಯೇ ಹೊರತು ಅವರು ಮಾರುವ ಬೆಲೆ ಅಲ್ಲ. ಕಾಕಂಬಿ, ಕಬ್ಬಿನ ಸಿಪ್ಪೆಯಿಂದ ಬರುವ ಕರೆಂಟು, ಎಥೆನಾಲ್ ಇದರ ಹೊರಗಿವೆ.

ಯಾವ ರಿಕವರಿ?

ಇಡೀ ಲೆಕ್ಕದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು.

ರಿಕವರಿ ನಿಮ್ಮ ಹೊಲದ್ದಲ್ಲ. ಇಡೀ ಕಾರ್ಖಾನೆ ಇಡೀ ಹಂಗಾಮಿನಲ್ಲಿ ನುರಿಸಿದ ಕಬ್ಬು, ಅದರಿಂದ ತೆಗೆದ ಸಕ್ಕರೆ, ಇವೆರಡರ ಸರಾಸರಿ. ನೀವು ಹನ್ನೆರಡು ತಿಂಗಳು ಬೆಳೆಸಿ, ನೀರು ಬಿಟ್ಟು ಒಣಗಿಸಿ, ಬುಡಕ್ಕೆ ಹಚ್ಚಿ ಕಡಿಸಿದ ಕಬ್ಬಿಗೂ, ಪಕ್ಕದವರು ಒಂಬತ್ತನೇ ತಿಂಗಳಿಗೆ ಅವಸರದಲ್ಲಿ ಕಡಿಸಿದ ಕಬ್ಬಿಗೂ ಒಂದೇ ದರ. ಇದು ಸರಿಯಾ ಅಂದರೆ ನನ್ನ ಪ್ರಕಾರ ಸರಿಯಲ್ಲ, ಆದರೆ ಸದ್ಯದ ಪದ್ಧತಿ ಇದೇ.

ಕಾರ್ಖಾನೆಯ ಫೀಲ್ಡ್‌ಮನ್ ಹೊಲಕ್ಕೆ ಬಂದು ಸಣ್ಣ ಉಪಕರಣದಲ್ಲಿ ರಸದ ಹನಿ ಇಟ್ಟು ಇಪ್ಪತ್ತು ಬಂತು, ಇಪ್ಪತ್ತೊಂದು ಬಂತು ಅನ್ನುತ್ತಾನಲ್ಲ, ಅದು ಬ್ರಿಕ್ಸ್. ರಸದಲ್ಲಿ ಕರಗಿದ ಎಲ್ಲ ಪದಾರ್ಥ ಎಷ್ಟಿದೆ ಅಂತ ಅದು ಹೇಳುತ್ತದೆ. ಅದರಲ್ಲಿ ಸಕ್ಕರೆ ಅಲ್ಲದ್ದೂ ಇರುತ್ತದೆ. ಮೇಲಾಗಿ ಕಬ್ಬು ಅಂದರೆ ಬರೀ ರಸ ಅಲ್ಲ, ನಾರೂ ಇದೆ. ಸಿಪ್ಪೆಯಲ್ಲಿ, ಕಾಕಂಬಿಯಲ್ಲಿ ಒಂದಿಷ್ಟು ಸಕ್ಕರೆ ಉಳಿದು ಹೋಗುತ್ತದೆ. ಹಾಗಾಗಿ ಬ್ರಿಕ್ಸ್ 20 ಇದ್ದ ಕಬ್ಬಿಗೆ ರಿಕವರಿ ಹತ್ತರ ಆಸುಪಾಸು ಬಂದರೆ ಮೋಸ ಅಂತ ಅರ್ಥ ಅಲ್ಲ. ಕಬ್ಬು ಕಟಾವಿಗೆ ಬಂತಾ ಅಂತ ನೋಡಲು ಬ್ರಿಕ್ಸ್ ಬೇಕು, ಬಿಲ್ ಹಾಕಲು ಬೇಡ.

ಎರಡನೆಯದು ವರ್ಷ. ಹಂಗಾಮು ಮುಗಿಯುವ ತನಕ ಆ ಹಂಗಾಮಿನ ಸರಾಸರಿ ಗೊತ್ತಾಗುವುದಿಲ್ಲ, ದುಡ್ಡು ಮಾತ್ರ ಹದಿನಾಲ್ಕು ದಿನದಲ್ಲಿ ಕೊಡಬೇಕು. ಅದಕ್ಕೆ ಕರ್ನಾಟಕದಲ್ಲಿ ಹಿಂದಿನ ಹಂಗಾಮಿನ ರಿಕವರಿ ಹಿಡಿದು ಕಾರ್ಖಾನೆವಾರು ಎಫ್‌ಆರ್‌ಪಿ ನಿಗದಿ ಮಾಡುತ್ತಾರೆ. 2025-26ರ ಬಿಲ್ಲಿಗೆ 2024-25ರ ಸರಾಸರಿ. ನವೆಂಬರ್ ತಿಂಗಳಲ್ಲಿ ಯಾವ ಕಾರ್ಖಾನೆಯಲ್ಲೂ ರಿಕವರಿ ಕಡಿಮೆಯೇ, ಚಳಿ ಬಿದ್ದು ಜನವರಿ ಬಂದ ಮೇಲೆ ಏರುತ್ತದೆ. ಆಗ ಯಾರಾದರೂ "ಈ ವರ್ಷ ರಿಕವರಿನೇ ಬರ್ತಿಲ್ಲ ಗೌಡ್ರೇ" ಅಂದರೆ ಕೇಳಿಸಿಕೊಳ್ಳಿ, ಆದರೆ ಅದರಿಂದ ಈ ಸಲದ ನಿಮ್ಮ ಎಫ್‌ಆರ್‌ಪಿ ಬದಲಾಗುವುದಿಲ್ಲ.

ಮೂರನೆಯದು ಎಥೆನಾಲ್. ಇಲ್ಲಿ ದೊಡ್ಡ ಮೊತ್ತ ಅಡಗಿದೆ. ಮೊದಲು ಕಾರ್ಖಾನೆಗಳು ರಸದಿಂದ ತೆಗೆಯುವಷ್ಟೂ ಸಕ್ಕರೆ ತೆಗೆದು, ಕೊನೆಗೆ ಉಳಿದ ಕಾಕಂಬಿಯನ್ನು ಡಿಸ್ಟಿಲರಿಗೆ ಕಳಿಸುತ್ತಿದ್ದವು. ಈಗ ಬಹಳ ಕಡೆ ನಡುವೆಯೇ ನಿಲ್ಲಿಸುತ್ತಾರೆ. ಇನ್ನೂ ಸಕ್ಕರೆ ಇರುವ ಬಿ-ಹೆವಿ ಕಾಕಂಬಿಯನ್ನೋ, ನೇರ ರಸವನ್ನೋ ಎಥೆನಾಲ್‌ಗೆ ಬಿಡುತ್ತಾರೆ. ಸಹಜವಾಗಿ ಮೂಟೆಗೆ ಬರುವ ಸಕ್ಕರೆ ಕಡಿಮೆಯಾಗುತ್ತದೆ. ಮೂಟೆ ಲೆಕ್ಕ ಮಾತ್ರ ನೋಡಿದರೆ ರಿಕವರಿ ಬಿದ್ದ ಹಾಗೆ ಕಾಣುತ್ತದೆ. ಆದರೆ ಆ ಸಕ್ಕರೆ ಎಲ್ಲೂ ಕಳೆದುಹೋಗಿಲ್ಲ, ಎಥೆನಾಲ್ ಆಗಿ ಮಾರಾಟವಾಗಿದೆ. ಅದಕ್ಕೇ ಎಫ್‌ಆರ್‌ಪಿಗೆ ರಿಕವರಿ ಹಿಡಿಯುವಾಗ ಎಥೆನಾಲ್‌ಗೆ ಹೋದ ಸಕ್ಕರೆಯನ್ನೂ ವಾಪಸ್ ಸೇರಿಸಿ ಹಿಡಿಯಬೇಕು.

ನಮ್ಮ ಉದಾಹರಣೆಯ ಕಾರ್ಖಾನೆ ಹಿಂದಿನ ಹಂಗಾಮಿನಲ್ಲಿ 8,20,000 ಟನ್ ಕಬ್ಬು ನುರಿಸಿದೆ ಅಂದುಕೊಳ್ಳಿ. ಮೂಟೆಗೆ ಬಂದ ಸಕ್ಕರೆ 77,490 ಟನ್. ಭಾಗಿಸಿದರೆ ಶೇ. 9.45. ಬಿ-ಹೆವಿ ಮೂಲಕ ಹೋದ ಸಕ್ಕರೆ 11,480 ಟನ್, ಅಂದರೆ ಶೇ. 1.40. ಎರಡೂ ಸೇರಿ ಶೇ. 10.85.

ಈಗ ದರ ನೋಡಿ. ಶೇ. 9.45 ಹಿಡಿದರೆ ಕನಿಷ್ಠ ದರ, ಟನ್ನಿಗೆ 3,290.50. ಶೇ. 10.85 ಹಿಡಿದರೆ 10.25ಕ್ಕಿಂತ 0.60 ಹೆಚ್ಚು, 0.1ಕ್ಕೆ ಒಂದರಂತೆ ಆರು ಮೆಟ್ಟಿಲು. ಆರು ಗುಣಿಸು 34.60 ಅಂದರೆ 207.60. ಟನ್ನಿಗೆ 3,757.60. ಎರಡರ ನಡುವಿನ ವ್ಯತ್ಯಾಸ 467.10. ನಮ್ಮ ಎರಡು ಎಕರೆಗೆ 39,447 ರೂಪಾಯಿ. ತೂಕದಲ್ಲಿ ಇಷ್ಟು ದುಡ್ಡು ಹೋಗಬೇಕಾದರೆ ಹತ್ತು ಟನ್ ಕಬ್ಬು ಮಾಯವಾಗಬೇಕು, ಅದು ಯಾರ ಕಣ್ಣಿಗೂ ಬೀಳದೆ ಇರುವುದಿಲ್ಲ. ರಿಕವರಿಯ ಅಂಕಿ ಬದಲಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಮೆಟ್ಟಿಲು ಪೂರ್ತಿ ಬರದೆ 10.87 ಅಂತಲೋ 10.91 ಅಂತಲೋ ಇದ್ದರೆ? ಚಿಲ್ಲರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸರ್ಕಾರದ ಕನಿಷ್ಠ ದರವೇ ಹಾಗೆ ಬಂದಿದೆ: 10.25ರಿಂದ 9.50ಕ್ಕೆ ಏಳೂವರೆ ಮೆಟ್ಟಿಲು, ಏಳೂವರೆ ಗುಣಿಸು 34.60 ಅಂದರೆ 259.50, ಅದನ್ನು 3,550ರಿಂದ ಕಳೆದರೆ 3,290.50.

ಈ ರಿಕವರಿ ಅಂಕಿ ಸಿಗುವುದು ಎಲ್ಲಿ? ಹಂಗಾಮು ಮುಗಿದ ಮೇಲೆ ಪ್ರತಿ ಕಾರ್ಖಾನೆ ಆರ್‌ಟಿ-8(ಸಿ) ಅನ್ನುವ ನಮೂನೆಯಲ್ಲಿ ಕೊನೆಯ ಉತ್ಪಾದನಾ ವರದಿ ಸಲ್ಲಿಸಬೇಕು. ನುರಿಸಿದ ಕಬ್ಬು, ಬಂದ ಸಕ್ಕರೆ, ಕಾಕಂಬಿ ಎಲ್ಲ ಅದರಲ್ಲಿ ಇರುತ್ತದೆ. ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರು ಮತ್ತು ಸಕ್ಕರೆ ನಿರ್ದೇಶಕರ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಬಹುದು. ಕೇಳುವಾಗ ಸುಮ್ಮನೆ "ರಿಕವರಿ ಎಷ್ಟು" ಅಂತ ಬರೆಯಬೇಡಿ. ಎಥೆನಾಲ್‌ಗೆ ಹೋದ ಸಕ್ಕರೆ ಸೇರಿಸಿದ ರಿಕವರಿ ಎಷ್ಟು, ಸೇರಿಸದೆ ಎಷ್ಟು, ಎಫ್‌ಆರ್‌ಪಿಗೆ ಯಾವುದನ್ನು ಹಿಡಿದಿದ್ದಾರೆ ಅಂತ ಮೂರನ್ನೂ ಬೇರೆಬೇರೆಯಾಗಿ ಕೇಳಿ.

ಕಟಾವು ಮತ್ತು ಸಾಗಣೆ ಕಳೆಯುವುದು

ಎಫ್‌ಆರ್‌ಪಿ ಕಾರ್ಖಾನೆಯ ಗೇಟಿನಲ್ಲಿ ಕೊಡುವ ಬೆಲೆ. ಕಬ್ಬನ್ನು ಕಡಿದು ಗೇಟಿನವರೆಗೆ ತಲುಪಿಸುವ ಖರ್ಚು ರೈತನದು ಅಂತ ಅದರ ಅರ್ಥ. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗು, ಗಾಡಿ ಎರಡನ್ನೂ ಕಾರ್ಖಾನೆಯೇ ಗೊತ್ತು ಮಾಡಿ ಕಳಿಸುತ್ತದೆ, ಆಮೇಲೆ ಆ ಖರ್ಚನ್ನು ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತದೆ. ಗ್ಯಾಂಗಿನ ಕೂಲಿ, ಗ್ಯಾಂಗಿನ ಮುಖ್ಯಸ್ಥ ಮುಕಾದಮ್‌ನ ಕಮಿಷನ್, ಗಾಡಿ ಬಾಡಿಗೆ ಎಲ್ಲ ಇದರಲ್ಲಿ ಸೇರಿರುತ್ತದೆ.

ಉದಾಹರಣೆಗೆ ಕಟಾವಿಗೆ 440, ಸಾಗಣೆಗೆ 380, ಒಟ್ಟು ಟನ್ನಿಗೆ 820 ರೂಪಾಯಿ ಅಂತ ಇಟ್ಟುಕೊಳ್ಳೋಣ.

ಎಫ್‌ಆರ್‌ಪಿ ಟನ್ನಿಗೆ: 3,757.60
ಕಟಾವು ಮತ್ತು ಸಾಗಣೆ: 820.00
ಕೈಗೆ ಬರಬೇಕಾದ ದರ: 2,937.60
84.450 ಟನ್ನಿಗೆ: 2,48,080 ರೂಪಾಯಿ

ಈ ಕೊನೆಯ ಮೊತ್ತವನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಇದು ಕಾನೂನಿನ ಪ್ರಕಾರ ನಿಮಗೆ ಬರಲೇಬೇಕಾದ ಕನಿಷ್ಠ ದುಡ್ಡು. ಕಾರ್ಖಾನೆ ಹೆಚ್ಚು ಕೊಟ್ಟರೆ ಸಂತೋಷ, ಕಡಿಮೆ ಕೊಡುವ ಹಾಗಿಲ್ಲ.

ಈಗ ಆ 820 ಎಲ್ಲಿಂದ ಬಂತು ಅಂತ ನೋಡಬೇಕು. ಬಹಳ ಕಡೆ ಇದು ನಿಮ್ಮ ಹೊಲದ ಖರ್ಚಲ್ಲ. ಹಂಗಾಮಿನಲ್ಲಿ ಕಾರ್ಖಾನೆ ಕಟಾವಿಗೆ, ಸಾಗಣೆಗೆ ಮಾಡಿದ ಒಟ್ಟು ಖರ್ಚನ್ನು ಒಟ್ಟು ಟನ್ನಿಗೆ ಹಂಚಿದಾಗ ಬರುವ ಸರಾಸರಿ. ಹೊಲ ಗೇಟಿನಿಂದ ಎಂಟು ಕಿಲೋಮೀಟರ್ ಇದ್ದರೂ 380, ಅರವತ್ತು ಕಿಲೋಮೀಟರ್ ಇದ್ದರೂ 380. ಕಾರ್ಖಾನೆಗೆ ಕಬ್ಬು ಸಾಲದೆ ದೂರದ ತಾಲೂಕಿನಿಂದ ತರಿಸಿದರೆ, ಅದರ ಬಾಡಿಗೆಯಲ್ಲಿ ಒಂದು ಪಾಲು ಗೇಟಿನ ಪಕ್ಕದ ರೈತ ಕಟ್ಟುತ್ತಾನೆ. ದೂರದವರಿಗೆ ಇದು ಅನುಕೂಲ, ಹತ್ತಿರದವರಿಗೆ ನಷ್ಟ. ನಿಮ್ಮ ಹೊಲ ಹತ್ತಿರ ಇದ್ದರೆ ನಿಮಗೆ ಎರಡು ದಾರಿ ಇವೆ. ಒಂದು, ಊರಿನವರೆಲ್ಲ ಸೇರಿ ದೂರದ ಪ್ರಕಾರ ಸಾಗಣೆ ದರ ಕೇಳುವುದು. ಇನ್ನೊಂದು, ಸ್ವಂತ ಗಾಡಿಯಲ್ಲಿ ಸಾಗಿಸುವುದು. ಆಗ ಸಾಗಣೆಯ 380 ನಿಮ್ಮ ಬಿಲ್ಲಿನಲ್ಲಿ ಮುರಿಯುವ ಹಾಗಿಲ್ಲ. ಆದರೆ ಕಟಾವಿನ ಪಾಳಿ ಕೊಡುವವರು ಕಾರ್ಖಾನೆಯವರೇ, ಗೇಟಿನ ಮುಂದೆ ಸಾಲಿನಲ್ಲಿ ದಿನಗಟ್ಟಲೆ ಗಾಡಿ ನಿಂತರೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುವುದು ನಿಮ್ಮದೇ. ಹಾಗಾಗಿ ಸ್ವಂತ ಸಾಗಣೆ ಅಂದುಕೊಂಡರೆ ಕಟಾವಿಗೆ ಮೊದಲೇ ಕಬ್ಬು ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಬಿಲ್ಲಿನಲ್ಲಿ ಕಾಣದ ಇನ್ನೊಂದು ಖರ್ಚಿದೆ. ಗ್ಯಾಂಗಿಗೆ ಎಕರೆಗೆ ಇಷ್ಟು, ಡ್ರೈವರ್‌ಗೆ ಟ್ರಿಪ್ಪಿಗೆ ಇಷ್ಟು ಅಂತ ಹೊಲದಲ್ಲೇ ಕೈಯಿಂದ ಕೊಡುವುದು. ಹೆಸರಿಗೆ ಖುಷಿ ಅನ್ನುತ್ತಾರೆ, ಕೊಡದಿದ್ದರೆ ಗ್ಯಾಂಗ್ ಮುಂದಿನ ಹೊಲಕ್ಕೆ ಹೋಗುತ್ತದೆ. ಎಕರೆಗೆ 5,000 ಅಂದರೂ ನಮ್ಮ ಹೊಲಕ್ಕೆ 10,000. ಟನ್ನಿಗೆ 118 ರೂಪಾಯಿ ಬಿತ್ತು. ಕಟಾವಿನ ದುಡ್ಡು ಈಗಾಗಲೇ 440ರಲ್ಲಿ ಮುರಿದಿದೆ, ಇದು ಅದರ ಮೇಲಿನದು. ತಡೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ ಅಂತ ನನಗೂ ಗೊತ್ತು. ಆದರೆ ಕೊಟ್ಟ ದಿನ, ಮೊತ್ತ, ಗಾಡಿ ನಂಬರ್ ಬರೆದಿಟ್ಟುಕೊಂಡರೆ ಫೀಲ್ಡ್‌ಮನ್ ಮುಂದೆ ಮಾತಾಡಲು ಕೈಯಲ್ಲಿ ಏನಾದರೂ ಇರುತ್ತದೆ.

ಬಿಲ್ಲಿನಲ್ಲಿ ಇನ್ನೂ ಕಡಿತಗಳು ಇರಬಹುದು: ಕಾರ್ಖಾನೆ ಕೊಟ್ಟ ಬೀಜ, ಗೊಬ್ಬರ, ಸೊಸೈಟಿ ಸಾಲದ ಕಂತು, ಷೇರು. ಇವು ಕಬ್ಬಿನ ಬೆಲೆಗೆ ಸಂಬಂಧ ಇಲ್ಲ, ನಿಮ್ಮ ಸಾಲ. ಇವನ್ನು ಬೇರೆ ಹಾಳೆಯಲ್ಲಿ ನೋಡಿ. ಒಂದರಲ್ಲೇ ಕಲಸಿದರೆ ದರ ಕಡಿಮೆ ಕೊಟ್ಟಿದ್ದಾರಾ ಇಲ್ಲವಾ ಅನ್ನುವುದೇ ತಿಳಿಯುವುದಿಲ್ಲ. ನೀವು ಸಹಿ ಮಾಡಿಕೊಡದ ಕಡಿತ ಏನಾದರೂ ಕಂಡರೆ ಮಾತ್ರ ಅದಕ್ಕೆ ಆಧಾರ ಕೇಳಿ.

ಘೋಷಿಸಿದ ದರವನ್ನು ಓದುವುದು

ಹಂಗಾಮು ಶುರುವಾಗುವಾಗ "ಟನ್ನಿಗೆ 3,100", "ಮೊದಲ ಕಂತು 2,900" ಅಂತ ಸುದ್ದಿ ಬರುತ್ತದೆ. ಕೇಳಿದ ತಕ್ಷಣ ಒಂದು ಪ್ರಶ್ನೆ ಹಾಕಿ: ಇದು ಕಟಾವು-ಸಾಗಣೆ ಕಳೆದ ಮೇಲಾ, ಕಳೆಯುವ ಮೊದಲಾ? ಎಫ್‌ಆರ್‌ಪಿ ಕಳೆಯುವ ಮೊದಲಿನ ದರ, ಕಾರ್ಖಾನೆ ಘೋಷಣೆ ಹೆಚ್ಚಾಗಿ ಕಳೆದ ಮೇಲಿನದು. "ಎಫ್‌ಆರ್‌ಪಿ 3,757 ಇದೆ, ಇವರು 3,100 ಕೊಡ್ತಿದ್ದಾರೆ" ಅಂತ ಎರಡನ್ನೂ ನೇರ ಹೋಲಿಸಿದರೆ ಜಗಳಕ್ಕೆ ಹೊರಟವರು ಮುಖಭಂಗ ಆಗಿ ಬರಬೇಕಾಗುತ್ತದೆ. ನಮ್ಮ ಕಾರ್ಖಾನೆಯಲ್ಲಿ ಕಳೆದ ಮೇಲಿನ ಎಫ್‌ಆರ್‌ಪಿ 2,937.60. ಅಂದರೆ 3,100 ಬಂದರೆ ಅದು ಎಫ್‌ಆರ್‌ಪಿಗಿಂತ ಜಾಸ್ತಿ. 2,900 ಬಂದರೆ ಟನ್ನಿಗೆ 37.60 ಕಡಿಮೆ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ಕೇಳಿ ಧರಣಿ ಕೂತಿದ್ದು ನೆನಪಿರಬಹುದು. ಕೊನೆಗೆ ಸರ್ಕಾರ ಶೇ. 11.25 ರಿಕವರಿ ಇರುವ ಕಬ್ಬಿಗೆ 3,300 ಅಂತ ಘೋಷಿಸಿತು. ಅದರಲ್ಲಿ 50 ಸರ್ಕಾರದ್ದು. ಈ 3,300 ಕಟಾವು-ಸಾಗಣೆ ಬಿಟ್ಟು. ಮೇಲಿನ ಲೆಕ್ಕವನ್ನೇ ಹಚ್ಚಿ ನೋಡಿ. ಶೇ. 11.25ಕ್ಕೆ ಎಫ್‌ಆರ್‌ಪಿ 3,550 ಕೂಡಿಸು 346, ಅಂದರೆ 3,896. ಅದರಲ್ಲಿ 820 ಕಳೆದರೆ 3,076. ಘೋಷಿಸಿದ 3,300 ಅದಕ್ಕಿಂತ 224 ಹೆಚ್ಚು. ಆದರೆ "3,300" ಅನ್ನುವ ಅಂಕಿ ಮಾತ್ರ ಊರೂರಿಗೆ ಹೋಯಿತು, ಅದರ ಜೊತೆಗಿದ್ದ 11.25 ಬಹಳ ಕಡೆ ಹೋಗಲಿಲ್ಲ. ನಿಮ್ಮ ಕಾರ್ಖಾನೆಯ ರಿಕವರಿ ಅಷ್ಟು ಇಲ್ಲದಿದ್ದರೆ ಆ ದರ ನಿಮಗೆ ಅನ್ವಯ ಆಗುವುದಿಲ್ಲ.

ಹದಿನಾಲ್ಕು ದಿನ ಮತ್ತು ಬಡ್ಡಿ

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದೇ ಸಾಲಿನಲ್ಲಿರುವ ಇನ್ನೊಂದು ಮಾತು: ಇಬ್ಬರ ನಡುವೆ ಬರಹದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ. ಕಬ್ಬು ನೋಂದಣಿ ಮಾಡಿಸುವಾಗ ಫೀಲ್ಡ್‌ಮನ್ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾನಲ್ಲ, ಅದರಲ್ಲಿ "ಕಾರ್ಖಾನೆ ನಿಗದಿಪಡಿಸಿದ ಕಂತುಗಳಲ್ಲಿ ಹಣ ಪಡೆಯಲು ಒಪ್ಪಿದ್ದೇನೆ" ಅಂತ ಒಂದು ಸಾಲಿದ್ದರೆ 14 ದಿನದ ವಾದ ಅಲ್ಲೇ ಬಿದ್ದುಹೋಗಬಹುದು. ಸಹಿ ಮಾಡುವ ಮೊದಲು ಓದಿ, ಆ ಸಾಲು ಹೊಡೆದು ಸಹಿ ಮಾಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಂತಿಗೆ ಒಪ್ಪಿದರೂ ಎಫ್‌ಆರ್‌ಪಿಗಿಂತ ಕಡಿಮೆ ಬೆಲೆಗೆ ಒಪ್ಪಿಸಲು ಮಾತ್ರ ಬರುವುದಿಲ್ಲ.

ನಮ್ಮ ಉದಾಹರಣೆಗೆ ಬರೋಣ. ಲೆಕ್ಕ ಸಲೀಸಾಗಲಿ ಅಂತ ನಾಲ್ಕೂ ಟ್ರಿಪ್ ಡಿಸೆಂಬರ್ 12ಕ್ಕೆ ಹೋಯಿತು ಅಂತ ಹಿಡಿಯಿರಿ. ಡಿಸೆಂಬರ್ 26ರೊಳಗೆ 2,48,080 ಬರಬೇಕಿತ್ತು. ಫೆಬ್ರವರಿ 9ಕ್ಕೆ ಬಂತು, ಅದೂ ಟನ್ನಿಗೆ 2,900ರಂತೆ 2,44,905. ತಡ 45 ದಿನ. ಬಡ್ಡಿ ಹೀಗೆ:

2,48,080 × 15 ÷ 100 × 45 ÷ 365 = 4,588 ರೂಪಾಯಿ

ಇದರ ಜೊತೆ ಕಡಿಮೆ ಬಂದ ಅಸಲು 3,175. ಒಟ್ಟು 7,763 ರೂಪಾಯಿ ಇನ್ನೂ ಬಾಕಿ. ಆ 3,175ರ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ. ನಿಜವಾಗಿ ಲೆಕ್ಕ ಹಾಕುವಾಗ ಪ್ರತಿ ಟ್ರಿಪ್ಪಿನ ತಾರೀಖಿನಿಂದ ಬೇರೆಬೇರೆ 14 ದಿನ ಎಣಿಸಬೇಕು.

ಬಡ್ಡಿ ತಾನಾಗಿ ಖಾತೆಗೆ ಬರುವುದು ನಾನಂತೂ ಕಂಡಿಲ್ಲ, ಕೇಳಿ ಪಡೆಯಬೇಕು. ಮೊದಲು ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ರೈತ ಕೋಡ್, ಟ್ರಿಪ್ಪುಗಳ ತಾರೀಖು ಮತ್ತು ತೂಕ, ಹಿಡಿದ ರಿಕವರಿ, ಬರಬೇಕಾದ ಮೊತ್ತ, ಬಂದ ಮೊತ್ತ ಮತ್ತು ತಾರೀಖು, ಬಡ್ಡಿ, ಇಷ್ಟು ಒಂದು ಪುಟದಲ್ಲಿ ಸಾಕು. ಉತ್ತರ ಬರದಿದ್ದರೆ ಅದೇ ಪುಟದ ಪ್ರತಿ ಜಿಲ್ಲಾಧಿಕಾರಿಗೆ ಮತ್ತು ಸಕ್ಕರೆ ನಿರ್ದೇಶಕರಿಗೆ. ಕಬ್ಬಿನ ಬಾಕಿಯನ್ನು ಭೂ ಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಲು ಅದೇ ಆದೇಶದಲ್ಲಿ ಅವಕಾಶ ಇದೆ. ಒಬ್ಬೊಬ್ಬರೇ ಕೊಡುವುದಕ್ಕಿಂತ ಒಂದೇ ಕಾರ್ಖಾನೆಗೆ ಕಳಿಸಿದ ಹತ್ತಿಪ್ಪತ್ತು ಜನ ಒಂದೇ ನಮೂನೆಯಲ್ಲಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ರಿಕವರಿ ಎಲ್ಲರಿಗೂ ಒಂದೇ, ಹಾಗಾಗಿ ತಪ್ಪಿದ್ದರೆ ಎಲ್ಲರ ಬಿಲ್ಲಿನಲ್ಲೂ ಒಂದೇ ತಪ್ಪು ಇರುತ್ತದೆ.

ಹಂಗಾಮು ಮುಗಿದ ಮೇಲೆ

ಎಫ್‌ಆರ್‌ಪಿ ಕನಿಷ್ಠ ಮಾತ್ರ. ಕರ್ನಾಟಕದಲ್ಲಿ 2013ರ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯ್ದೆ ಇದೆ. ಅದರಡಿ ಕಬ್ಬು ನಿಯಂತ್ರಣ ಮಂಡಳಿ ಕಾರ್ಖಾನೆಯ ಆದಾಯದಲ್ಲಿ ರೈತರ ಪಾಲಿನ ಲೆಕ್ಕ ನೋಡುತ್ತದೆ. ಹಂಚಿಕೆಯ ಮೂಲ ಸೂತ್ರ ರಂಗರಾಜನ್ ಸಮಿತಿಯದು: ಸಕ್ಕರೆ ಮತ್ತು ಉಪ ಉತ್ಪನ್ನಗಳು ಸೇರಿದ ಆದಾಯದಲ್ಲಿ ಶೇ. 70, ಸಕ್ಕರೆ ಮಾತ್ರ ಹಿಡಿದರೆ ಶೇ. 75 ರೈತರಿಗೆ. ಈ ಪಾಲು ಈಗಾಗಲೇ ಕೊಟ್ಟ ಎಫ್‌ಆರ್‌ಪಿಗಿಂತ ಹೆಚ್ಚಾದರೆ ವ್ಯತ್ಯಾಸ ಎರಡನೇ ಕಂತಾಗಿ ಬರಬೇಕು. ಸಕ್ಕರೆ ರೇಟು ಬಿದ್ದ ವರ್ಷ ಏನೂ ಬರದೆ ಇರಬಹುದು. ರೇಟು ಚೆನ್ನಾಗಿದ್ದು ಡಿಸ್ಟಿಲರಿಯೂ ಓಡಿದ ವರ್ಷ ಏನೂ ಬರದಿದ್ದರೆ, ಅದೇ ಹಂಗಾಮಿನ ಆರ್‌ಟಿ-8(ಸಿ) ತರಿಸಿ ನೋಡಿ. ಮುಂದಿನ ವರ್ಷದ ನಿಮ್ಮ ಎಫ್‌ಆರ್‌ಪಿಗೂ ಆ ಹಾಳೆಯೇ ಆಧಾರ, ಆದ್ದರಿಂದ ತರಿಸಿದ್ದು ದಂಡ ಆಗುವುದಿಲ್ಲ.